ಶಾಲೆಯ ಮಳೆ, ತೋಟದ ಮಳೆ

(ದಸರಾ ರಜೆಗೆ ಮುಂಚಿನ ಒಂದು ಸಂಜೆ, ಕಳಸದಲ್ಲಿ. ಒಬ್ಬರು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಇನ್ನೊಬ್ಬರು ಅಪ್ಪನ ಕಾಲದಿಂದ ಬಂದ ಮಳೆ ಪುಸ್ತಕವನ್ನು ಇಂದಿಗೂ ಬರೆಯುತ್ತಿರುವ ಕಾಫಿ ಬೆಳೆಗಾರರು.)

ಬೆಳೆಗಾರರು: ಮೇಷ್ಟ್ರೇ, ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ಜೂನ್‌ನಿಂದ ಬರೆದ ಮಳೆ ಲೆಕ್ಕವನ್ನ ಮೊಮ್ಮಗಳು ಮನೆಗೆ ತಂದಿದ್ಲು. ನನ್ನ ಪುಸ್ತಕದ ಪಕ್ಕ ಇಟ್ಟು ನೋಡಿದೆ. ಒಂದು ದಿನವೂ ತಾಳೆ ಆಗೋದಿಲ್ಲ ಮಾರಾಯ್ರೇ. ತೋಟಕ್ಕೂ ಶಾಲೆಗೂ ಎರಡು ಕಿಲೋಮೀಟರೂ ಇಲ್ಲ. ನನಗೆ ಮೂರು ಇಂಚು ಬಿದ್ದ ದಿನ ನಿಮ್ಮಲ್ಲಿ ಎಂಟು ಮಿಲಿಮೀಟರ್ ಅಂದ್ರೆ ಹೇಗೆ?

ಮೇಷ್ಟ್ರು: ಪುಸ್ತಕ ತಂದಿದ್ದೀರಲ್ಲ, ಒಳ್ಳೇದಾಯ್ತು. ತಾಳೆ ಆಗದಿರೋದಕ್ಕೆ ನಾಲ್ಕೈದು ಕಾರಣ ಇರಬಹುದು. ಒಂದೊಂದಾಗಿ ನೋಡಣ. ಮೊದಲು ನಮ್ಮ ಬಾಟಲಿಯಿಂದಲೇ ಶುರು ಮಾಡ್ತೀನಿ, ನಿಮಗೆ ಅದರ ಮೇಲೇ ಅನುಮಾನ ಅಲ್ವಾ?

ಬೆಳೆಗಾರರು: ಸುಳ್ಳು ಹೇಳೋದು ಯಾಕೆ, ಹೌದು. ನನ್ನದು ಸೈಮನ್ಸ್ ರೈನ್‌ಗೇಜ್, ಬಾಯಿ ಐದು ಇಂಚು. ನಿಮ್ಮದು ತಂಪು ಪಾನೀಯದ ಖಾಲಿ ಬಾಟಲಿ.

ಮೇಷ್ಟ್ರು: ಎರಡು ಲೀಟರ್ ಬಾಟಲಿ. ಪಾಠದ ಪುಸ್ತಕಗಳಲ್ಲಿ ಹೇಳೋ ಕ್ರಮ ನಿಮಗೂ ಗೊತ್ತಿರಬಹುದು. ಬಾಟಲಿಯ ಮೇಲ್ಭಾಗ ಕತ್ತರಿಸಿ ಬೋರಲು ಮಾಡಿ ಅದರೊಳಗೇ ಆಲಿಕೆ ಥರ ಕೂರಿಸೋದು, ಹೊರಗೆ ಸ್ಕೇಲ್ ಅಂಟಿಸಿ ನೀರಿನ ಎತ್ತರ ಓದೋದು. ಬಯಲುಸೀಮೆಗೆ ಅದು ಸಾಕು. ಇಲ್ಲಿ ಆಗೋದಿಲ್ಲ. ಬಾಟಲಿ ತಳ ನೆಟ್ಟಗಿರೋದಿಲ್ಲ, ಉಬ್ಬುತಗ್ಗು. ಅದನ್ನ ಕಲ್ಲು, ಸಿಮೆಂಟು ಹಾಕಿ ಸಮ ಮಾಡಿದ್ರೆ ಮೇಲೆ ಉಳಿಯೋದು ಹನ್ನೆರಡೋ ಹದಿನೈದೋ ಸೆಂಟಿಮೀಟರ್. ಆರಿದ್ರಾದಲ್ಲೋ ಪುಷ್ಯದಲ್ಲೋ ನಮ್ಮಲ್ಲಿ ಒಂದು ರಾತ್ರಿಗೆ ಅಷ್ಟು ಸುರಿಯೋದು ಹೊಸತಲ್ಲ. ಬಾಟಲಿ ತುಂಬಿ ಹರಿದ ಮೇಲೆ ಓದೋದಕ್ಕೆ ಏನೂ ಇರೋದಿಲ್ಲ.

ಬೆಳೆಗಾರರು: ಮತ್ತೆ ಎಂತ ಮಾಡಿದ್ರಿ?

ಮೇಷ್ಟ್ರು: ಬಾಟಲಿಯನ್ನ ಆಲಿಕೆ ಮಾತ್ರ ಮಾಡ್ಕೊಂಡ್ವಿ. ನೀರು ನಿಲ್ಲೋದು ಕೆಳಗಿರೋ ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನಿನಲ್ಲಿ. ಬಾಟಲಿಯ ತಳ ಮಾತ್ರ ಕತ್ತರಿಸಿ, ಬೋರಲು ಹಾಕಿ, ಕುತ್ತಿಗೆಯನ್ನ ಕ್ಯಾನಿನ ಬಾಯಿಗೆ ಇಳಿಸಿದ್ವಿ. ಹೀಗೆ ಮಾಡಿದಾಗ ಕುತ್ತಿಗೆಯ ಇಳಿಜಾರಿನ ಮೇಲೆ ಒಂದು ಗೇಣು ನೆಟ್ಟಗಿನ ಗೋಡೆ ಉಳೀತದೆ. ಆ ಗೋಡೆ ಬೇಕೇ ಬೇಕು. ಬರೀ ಇಳಿಜಾರು ಇದ್ರೆ ದಪ್ಪ ಹನಿ ಬಿದ್ದು ಸಿಡಿದು ಹೊರಗೆ ಹಾರ್ತದೆ. ಕ್ಯಾನಿನ ಅರ್ಧ ನೆಲದೊಳಗೆ ಹೂತು, ಬಾಟಲಿಯ ಬಾಯಿ ನೆಲದಿಂದ ಒಂದಡಿ ಮೇಲೆ ಬರೋ ಹಾಗೆ ನಿಲ್ಲಿಸಿದ್ವಿ. ಹವಾಮಾನ ಇಲಾಖೆಯ ಮಾಪಕದ ಬಾಯಿಯೂ 30 ಸೆಂಟಿಮೀಟರ್ ಎತ್ತರದಲ್ಲೇ ಇರ್ತದೆ. ಅದಕ್ಕಿಂತ ತಗ್ಗಿದ್ರೆ ನೆಲದಿಂದ ಸಿಡಿದ ನೀರು ಒಳಗೆ ಬರ್ತದೆ, ಎತ್ತರ ಇದ್ರೆ ಗಾಳಿಗೆ ಮಳೆ ಬಾಯಿ ತಪ್ಪಿ ಹೋಗ್ತದೆ.

ಬೆಳೆಗಾರರು: ಸಿಡಿದ ನೀರು ಬಂದಿದೆ ಅಂತ ಗೊತ್ತಾಗೋದು ಹೇಗೆ?

ಮೇಷ್ಟ್ರು: ನಮ್ಮ ಮಣ್ಣೇ ಹೇಳ್ತದೆ. ಕ್ಯಾನಿನ ತಳದಲ್ಲಿ ಕೆಂಪು ಕೆಸರು ಕೂತಿದ್ರೆ ಆ ನೀರು ಪೂರ್ತಿ ಮೇಲಿಂದ ಬಂದದ್ದಲ್ಲ. ಸುತ್ತ ಹುಲ್ಲು ಬಿಟ್ಟದ್ದು ಅದಕ್ಕೇ. ಕಾಂಕ್ರೀಟ್ ಅಂಗಳದ ನಡುವೆ ಇಟ್ಟಿದ್ರೆ ಕೆಸರಿನ ಗುರುತೂ ಸಿಗ್ತಿರಲಿಲ್ಲ, ಸಿಡಿತವೂ ಹೆಚ್ಚು.

ಬೆಳೆಗಾರರು: ಸರಿ, ಕ್ಯಾನಿನಲ್ಲಿ ನೀರು ನಿಂತಿತು. ಅದು ಎಷ್ಟು ಮಿಲಿಮೀಟರ್ ಅಂತ ಹೇಳೋದು? ನನ್ನ ಗಾಜಿನ ಅಳತೆ ಬೇಕಿದ್ರೆ ಕೊಡ್ತಿದ್ದೆ, ಅದರಲ್ಲಿ ಸೆಂಟ್ಸ್ ಗೆರೆ ಇದೆ.

ಮೇಷ್ಟ್ರು: ಕೊಟ್ಟಿದ್ರೆ ಪ್ರತಿ ದಿನವೂ ಕಾಲು ಭಾಗ ಮಳೆ ಮಾಯ ಆಗ್ತಿತ್ತು ಗೌಡ್ರೇ. ನಿಮ್ಮ ಗಾಜು ಐದು ಇಂಚಿನ, ಅಂದ್ರೆ 12.7 ಸೆಂಟಿಮೀಟರಿನ ಬಾಯಿಗೆ ಗೆರೆ ಹಾಕಿದ್ದು. ನಮ್ಮ ಬಾಯಿ 11 ಸೆಂಟಿಮೀಟರ್. ನಿಮ್ಮ ಬಾಯಿಯ ವಿಸ್ತೀರ್ಣ 126.7 ಚದರ ಸೆಂಟಿಮೀಟರ್, ನಮ್ಮದು 95. ಒಂದೇ ಮಳೆಗೆ ನಮ್ಮಲ್ಲಿ ಮುಕ್ಕಾಲು ಪಾಲು ನೀರು ಮಾತ್ರ ಸೇರ್ತದೆ. ಅಳತೆಯ ಗಾಜು ಯಾವತ್ತೂ ಅದರ ಬಾಯಿಗೆ ಮಾತ್ರ ಸಲ್ಲೋದು.

ಬೆಳೆಗಾರರು: ಹಾಗಾದ್ರೆ ನಿಮ್ಮ ಲೆಕ್ಕ?

ಮೇಷ್ಟ್ರು: ಮಿಲಿಲೀಟರಿನಲ್ಲಿ ಅಳೆದು ಭಾಗಿಸೋದು. ಒಂದು ಮಿಲಿಮೀಟರ್ ಮಳೆ ಅಂದ್ರೆ ನೆಲದ ಮೇಲೆ ಒಂದು ಮಿಲಿಮೀಟರ್ ದಪ್ಪದ ನೀರಿನ ಪದರ. 95 ಚದರ ಸೆಂಟಿಮೀಟರ್ ಬಾಯಿಗೆ ಆ ಪದರ 9.5 ಮಿಲಿಲೀಟರ್ ಆಗ್ತದೆ. ಜುಲೈನ ಈ ಒಂದು ದಿನ ನೋಡಿ, ಹದಿಮೂರನೇ ತಾರೀಖು. ಲ್ಯಾಬಿನ ನೂರು ಮಿಲಿಲೀಟರಿನ ಅಳತೆ ಜಾಡಿಯಲ್ಲಿ ಏಳು ಸಲ ತುಂಬಿ ಚೆಲ್ಲಿದ್ರು, ಎಂಟನೇದು 52ಕ್ಕೆ ನಿಂತಿತು. ಒಟ್ಟು 752. ಅದನ್ನ 9.5ರಿಂದ ಭಾಗಿಸಿದ್ರೆ 79.2 ಮಿಲಿಮೀಟರ್. ನಿಮ್ಮ ಲೆಕ್ಕಕ್ಕೆ 25.4ರಿಂದ ಭಾಗಿಸಿ, ಮೂರು ಇಂಚು ಹನ್ನೆರಡು ಸೆಂಟ್ಸ್. ಹವಾಮಾನ ಇಲಾಖೆಯ ಪಟ್ಟಿಯಲ್ಲಿ 64.5ರಿಂದ 115.5 ಮಿಲಿಮೀಟರ್‌ವರೆಗೆ ಒಂದು ದಿನಕ್ಕೆ ಬಿದ್ರೆ ಅದು ‘ಭಾರಿ ಮಳೆ’. ಟಿವಿಯಲ್ಲಿ ಕೇಳೋ ಮಾತು ತಮ್ಮ ಕ್ಯಾನಿನಲ್ಲಿ ಎಷ್ಟು ನೀರು ಅಂತ ಮಕ್ಕಳಿಗೆ ಅವತ್ತು ಗೊತ್ತಾಯ್ತು.

ಬೆಳೆಗಾರರು: ಏಳು ಸಲ ತುಂಬಿದ್ದೋ ಆರು ಸಲವೋ, ಮಕ್ಕಳ ಲೆಕ್ಕ ತಪ್ಪಿದ್ರೆ?

ಮೇಷ್ಟ್ರು: ಒಂದು ಜಾಡಿ ತಪ್ಪಿದ್ರೆ ಹತ್ತೂವರೆ ಮಿಲಿಮೀಟರ್ ಹೋಯ್ತು, ನಲವತ್ತು ಸೆಂಟ್ಸಿಗಿಂತ ಹೆಚ್ಚು. ಅದಕ್ಕೆ ಚೆಲ್ಲೋ ಮೊದಲು ಕ್ಯಾನನ್ನ ಬಿಸಿಯೂಟದ ಅಡುಗೆಮನೆಯ ತಕ್ಕಡಿಯಲ್ಲಿ ತೂಗ್ತಾರೆ. ಖಾಲಿ ಕ್ಯಾನಿನ ತೂಕ ಅದರ ಮೇಲೇ ಬರೆದಿದೆ, ಅದನ್ನ ಕಳೆದ್ರೆ ನೀರಿನ ತೂಕ. ಒಂದು ಮಿಲಿಲೀಟರ್ ಒಂದು ಗ್ರಾಂ. ಜಾಡಿ 752 ಅಂದು ತಕ್ಕಡಿ 850 ಅಂದ್ರೆ ಎಣಿಕೆ ಎಲ್ಲೋ ಜಾರಿದೆ ಅಂತಲೇ.

ಬೆಳೆಗಾರರು: ಬಾಟಲಿ ಪ್ಲಾಸ್ಟಿಕ್ಕು. ಬಿಸಿಲಿಗೆ, ಕೈತಾಗಿ ಸೊಟ್ಟ ಆಗೋದಿಲ್ವೇ?

ಮೇಷ್ಟ್ರು: ಅದೇ ಅದರ ದೊಡ್ಡ ಕೊರತೆ. ಬಾಯಿಯ ಅಗಲದಲ್ಲಿ ಅರ್ಧ ಸೆಂಟಿಮೀಟರ್ ಅಳತೆ ತಪ್ಪಿದ್ರೆ ಮಳೆಯಲ್ಲಿ ಸುಮಾರು ಶೇಕಡ ಹತ್ತು ತಪ್ಪು ಬರ್ತದೆ, ಯಾಕಂದ್ರೆ ವಿಸ್ತೀರ್ಣಕ್ಕೆ ಅಗಲವನ್ನ ಎರಡು ಸಲ ಗುಣಿಸಬೇಕು. ಆ ತಪ್ಪು ಒಂದು ದಿನದ್ದಲ್ಲ, ಇಡೀ ಅವಧಿಯ ಪ್ರತಿ ಸಾಲಿನಲ್ಲೂ ಅದೇ ಪ್ರಮಾಣದಲ್ಲಿ ಕೂತಿರ್ತದೆ. ಬಾಯಿಯ ಸುತ್ತ ದಪ್ಪ ತಂತಿಯ ಬಳೆ ಮಾಡಿ ಬಿಗಿದಿದ್ದೀವಿ. ಪ್ರತಿ ಸೋಮವಾರ ಉದ್ದಕ್ಕೂ ಅಡ್ಡಕ್ಕೂ ಎರಡು ಕಡೆ ಅಳೀತಾರೆ, ಎರಡೂ 11 ಇದ್ರೆ ಬಾಯಿ ದುಂಡಗಿದೆ.

ಬೆಳೆಗಾರರು: ಆಯ್ತು, ಬಾಟಲಿಯನ್ನ ಒಪ್ಪಿದೆ ಅಂತಿಟ್ಕೊಳ್ಳಿ. ಆದ್ರೂ ಹನ್ನೆರಡನೇ ತಾರೀಖು ನನ್ನ ಪುಸ್ತಕದಲ್ಲಿ ಮೂರು ಇಂಚು ಐದು ಸೆಂಟ್ಸ್ ಇದೆ, ನಿಮ್ಮದ್ರಲ್ಲಿ ಎಂಟೇ ಮಿಲಿಮೀಟರ್.

ಮೇಷ್ಟ್ರು: ನಾಲ್ಕು ದಿನ ಒಟ್ಟಿಗೆ ಓದಿ ನೋಡಣ. ನಮ್ಮದು ಹನ್ನೆರಡರಿಂದ ಹದಿನೈದರವರೆಗೆ: 8, 79.2, 31, 4. ನಿಮ್ಮದನ್ನ ಹನ್ನೊಂದರಿಂದ ಓದಿ.

ಬೆಳೆಗಾರರು: ಹನ್ನೊಂದು, 31 ಸೆಂಟ್ಸ್. ಹನ್ನೆರಡು, ಮೂರು ಇಂಚು ಐದು. ಹದಿಮೂರು, ಒಂದು ಇಂಚು ಇಪ್ಪತ್ತೆಂಟು. ಹದಿನಾಲ್ಕು, ಹದಿನೈದು ಸೆಂಟ್ಸ್.

ಮೇಷ್ಟ್ರು: ಮಿಲಿಮೀಟರ್ ಮಾಡಿದ್ರೆ 7.9, 77.5, 32.5, 3.8. ನಮ್ಮ ಸಾಲನ್ನ ಒಂದು ಮನೆ ಹಿಂದಕ್ಕೆ ಸರಿಸಿ.

ಬೆಳೆಗಾರರು: ಅರೆ! ಒಂದರ ಕೆಳಗೆ ಒಂದು ಕೂರ್ತಾವಲ್ಲ.

ಮೇಷ್ಟ್ರು: ನೀವು ಗೇಜ್ ನೋಡೋದು ಎಷ್ಟು ಹೊತ್ತಿಗೆ?

ಬೆಳೆಗಾರರು: ಬೆಳಗ್ಗೆ ಆರೂವರೆಗೆ, ಕಾಫಿ ಕುಡಿದು. ಅಪ್ಪನೂ ಅದೇ ಹೊತ್ತಿಗೆ ನೋಡ್ತಿದ್ರು. ಬಿದ್ದದ್ದು ನಿನ್ನೆ ಹಗಲು, ರಾತ್ರಿ ತಾನೇ? ಅದಕ್ಕೆ ನಿನ್ನೆಯ ತಾರೀಖಿನ ಮುಂದೆ ಬರೆಯೋದು.

ಮೇಷ್ಟ್ರು: ಅದರಲ್ಲಿ ಏನೂ ತಪ್ಪಿಲ್ಲ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ ಎಂಟೂವರೆಯಿಂದ ಮಾರನೇ ಬೆಳಗ್ಗೆ ಎಂಟೂವರೆಗೆ. ಓದಿದ ದಿನದ ತಾರೀಖಿಗೇ ಅದನ್ನ ಬರೀತಾರೆ. ಶಾಲೆ ಹತ್ತಿರ ಮನೆ ಇರೋ ಮಕ್ಕಳು ಸರದಿ ಮೇಲೆ ಬಂದು ಅದೇ ಹೊತ್ತಿಗೆ ಓದ್ತಾರೆ. ಹಾಗಾಗಿ ಒಂದೇ ಮಳೆ ನಿಮ್ಮಲ್ಲಿ ಹನ್ನೆರಡಕ್ಕೆ, ನಮ್ಮಲ್ಲಿ ಹದಿಮೂರಕ್ಕೆ. ಸರಿಸಿದ ಮೇಲೂ ಅಷ್ಟಿಷ್ಟು ವ್ಯತ್ಯಾಸ ಉಳೀತಲ್ಲ, ಅದರಲ್ಲಿ ಒಂದು ಪಾಲು ಆರೂವರೆಯಿಂದ ಎಂಟೂವರೆ ನಡುವೆ ಬಿದ್ದ ಮಳೆಯದ್ದು. ಅದು ನಿಮ್ಮಲ್ಲಿ ಮುಂದಿನ ಓದಿಗೆ ಹೋಯ್ತು, ನಮ್ಮಲ್ಲಿ ಅವತ್ತಿನ ಓದಿಗೇ ಬಂತು. ದಿನದ ಲೆಕ್ಕ ಹೀಗೆ ಜಾರಾಡಿದ್ರೂ ಒಟ್ಟು ಲೆಕ್ಕ ಕೂಡ್ತದೆ ನೋಡಿ: ನಮ್ಮ ನಾಲ್ಕು ದಿನ 122.2, ನಿಮ್ಮದು 121.7.

ಬೆಳೆಗಾರರು: ಅಂದ್ರೆ ಪಂಚಾಯ್ತಿ ಕಡೆಯ ಯಂತ್ರದ ಲೆಕ್ಕವೂ ನಿಮ್ಮ ಕ್ರಮದ್ದೇ?

ಮೇಷ್ಟ್ರು: ಹೌದು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಹಾಕಿದೆ. ಅದು ಹದಿನೈದು ನಿಮಿಷಕ್ಕೊಮ್ಮೆ ತಾನೇ ಲೆಕ್ಕ ಕಳಿಸ್ತದೆ, ದಿನದ ಮೊತ್ತ ಎಂಟೂವರೆಯಿಂದ ಎಂಟೂವರೆಗೆ. ಒಳಗೆ ತೊಟ್ಟಿಲಿನ ಥರ ಆಚೀಚೆ ವಾಲೋ ಪುಟ್ಟ ಪಾತ್ರೆ, ಇಷ್ಟು ನೀರು ತುಂಬಿದ್ರೆ ಒಂದು ವಾಲು, ಯಂತ್ರ ಎಣಿಸೋದು ವಾಲುಗಳನ್ನ. ಆಲಿಕೆಗೆ ಎಲೆಯೋ ಜೇಡದ ಬಲೆಯೋ ಕಟ್ಟಿದ್ರೆ ನೀರು ನಿಧಾನಕ್ಕೆ ಇಳಿದು, ಹೊರಗೆ ಮಳೆ ನಿಂತ ಮೇಲೂ ಅದು ಮಳೆ ತೋರಿಸ್ತಾ ಇರ್ತದೆ. ಹಾಗಾಗಿ ಅದೂ ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ.

ಬೆಳೆಗಾರರು: ತಾರೀಖಿನದ್ದು ಬಗೆಹರೀತು. ಆದ್ರೆ ನಿಮ್ಮ ಪುಸ್ತಕದಲ್ಲಿ ಖಾಲಿ ಮನೆ ಬಹಳ ಇದಾವೆ. ಅದೂ ಮಳೆ ಜೋರು ಬಿದ್ದ ದಿನಗಳಲ್ಲೇ! ನನ್ನಲ್ಲಿ ಒಂದು ದಿನವೂ ಬಿಟ್ಟಿಲ್ಲ.

ಮೇಷ್ಟ್ರು: ಮಲೆನಾಡಿನ ಶಾಲೆಯ ಹಣೆಬರಹ ಅದು. ಮಳೆ ಜೋರಾದ್ರೆ ಜಿಲ್ಲಾಧಿಕಾರಿಗಳು ರಜೆ ಕೊಡ್ತಾರೆ. ಅಳೆಯಲೇಬೇಕಾದ ದಿನ ಅಳೆಯೋರು ಶಾಲೆಯಲ್ಲಿಲ್ಲ. ರಜೆ ಕೊಡೋದೇ ಹಳ್ಳ ತುಂಬಿ ಕಾಲುಸಂಕ ದಾಟೋದು ಅಪಾಯ ಅಂತ. ಮಳೆ ಓದೋದಕ್ಕೆ ಅಂತ ಒಂದು ಮಗುವನ್ನೂ ಅವತ್ತು ಕರೆಸೋದಿಲ್ಲ, ಮನೆ ಪಕ್ಕದಲ್ಲೇ ಇದ್ರೂ ಸರಿ. ಈ ನಿಯಮವನ್ನ ಮೊದಲನೇ ದಿನವೇ ಪುಸ್ತಕದ ರಟ್ಟಿನ ಒಳಗೆ ಬರೆದಿದ್ದೀವಿ.

ಬೆಳೆಗಾರರು: ಹಾಗಾದ್ರೆ ಆ ಮಳೆ ಲೆಕ್ಕಕ್ಕೆ ಸಿಗದೇ ಹೋಯ್ತು.

ಮೇಷ್ಟ್ರು: ಹೋಗಿಲ್ಲ, ಕ್ಯಾನಿನಲ್ಲೇ ಇದೆ. ಐದು ಲೀಟರ್ ತಂದದ್ದು ಅದಕ್ಕೇ. 5000 ಮಿಲಿಲೀಟರನ್ನ 9.5ರಿಂದ ಭಾಗಿಸಿ, 526 ಮಿಲಿಮೀಟರ್ ಮಳೆ ಹಿಡೀತದೆ. ದಿನಕ್ಕೆ 150ರಂತೆ ಮೂರು ದಿನ ಸುರಿದ್ರೂ ಜಾಗ ಉಳೀತದೆ. ನಾಲ್ಕನೇ ದಿನಕ್ಕೂ ರಜೆ ಮುಂದುವರಿದ್ರೆ ಉಕ್ಕಬಹುದು ಅಂತ ಕ್ಯಾನನ್ನ ಬಕೆಟಿನೊಳಗೆ ಕೂರಿಸಿ, ಬಕೆಟ್ಟನ್ನೇ ಹೂತಿದ್ದೀವಿ. ಬಾಟಲಿಯ ನೀರು ಬಿಟ್ಟು ಬೇರೆ ಮಳೆ ಬಕೆಟಿಗೆ ಇಳೀದ ಹಾಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿದೆ. ಉಕ್ಕಿದ್ದು ಬಕೆಟಿನಲ್ಲಿ ಸಿಗ್ತದೆ, ಅದನ್ನೂ ಅಳೆದು ಕೂಡಿಸೋದು.

ಬೆಳೆಗಾರರು: ಕೂಡಿಸಿ ಬಂದದ್ದನ್ನ ಮೂರು ದಿನಕ್ಕೆ ಸಮ ಹಂಚಿ ಬರೆದ್ರೆ ಮನೆ ಖಾಲಿ ಉಳಿಯೋದಿಲ್ವಲ್ಲ?

ಮೇಷ್ಟ್ರು: ಮಕ್ಕಳೂ ಅದನ್ನೇ ಕೇಳಿದ್ರು. ಮೂರು ದಿನದಲ್ಲಿ ಒಟ್ಟು 285 ಮಿಲಿಮೀಟರ್ ಬಿತ್ತು ಅಂತಿಟ್ಕೊಳ್ಳಿ. ಸಮ ಹಂಚಿದ್ರೆ 95, 95, 95. ಮೂರು ದಿನವೂ ಒಂದೇ ಸಮ ‘ಭಾರಿ ಮಳೆ’ ಅಂತಾಯ್ತು. ನಿಜವಾಗಿ ನಡುವಿನ ದಿನ 140 ದಾಟಿ ‘ಅತಿ ಭಾರಿ’ ಆಗಿರಬಹುದು, ಮೊದಲ ದಿನ 60 ಮುಟ್ಟದೇ ಇರಬಹುದು. ಗುಡ್ಡ ಜರಿಯೋದು, ಹೊಳೆ ಉಕ್ಕೋದು ಆ ನಡುವಿನ ದಿನದಿಂದ. ಸಮ ಹಂಚಿದ್ರೆ ಅದನ್ನೇ ಅಳಿಸಿದ ಹಾಗೆ. ಅದಕ್ಕೆ ರಜೆಯ ದಿನಗಳಿಗೆ ಅಡ್ಡಗೆರೆ, ಓದಿದ ದಿನದ ಮುಂದೆ ‘285, 3 ದಿನದ ಒಟ್ಟು’ ಅಂತ ಬರೀತೀವಿ. ಸೊನ್ನೆ ಹಾಕೋದು ಓದಿ ನೋಡಿ ಮಳೆ ಇಲ್ಲದ ದಿನಕ್ಕೆ ಮಾತ್ರ. ಭಾನುವಾರಕ್ಕೂ ಇದೇ ಕ್ರಮ.

ಬೆಳೆಗಾರರು: ನನ್ನ ಪುಸ್ತಕದಲ್ಲಿ ಆ ಮೂರೂ ದಿನದ್ದು ಬಿಡಿಬಿಡಿಯಾಗಿ ಇದೆಯಲ್ಲ. ಅದೇ ಪಾಲಿನಲ್ಲಿ ನಿಮ್ಮ 285ನ್ನ ಹಂಚಿ.

ಮೇಷ್ಟ್ರು: ಅದು ಮಾಡಬಹುದಾದ ಕೆಲಸ. ನಿಮ್ಮಲ್ಲಿ ಒಟ್ಟು ಮಳೆಯ ಶೇಕಡ 20, 50, 30 ಅಂತ ಬಿದ್ದಿದ್ರೆ ನಮ್ಮದು 57, 142.5, 85.5 ಆಗ್ತದೆ. ಆದ್ರೆ ಅದು ಅಂದಾಜು, ಓದಿದ್ದಲ್ಲ. ಬೇರೆ ಕಾಲಮಿನಲ್ಲಿ, ಬೇರೆ ಶಾಯಿಯಲ್ಲಿ, ‘ತೋಟದ ಲೆಕ್ಕದ ಪ್ರಕಾರ ಹಂಚಿದ್ದು’ ಅಂತ ಷರಾ ಸಮೇತ ಬರೀಬೇಕು. ಮೊದಲ ಕಾಲಮ್ಮಿನ ಅಡ್ಡಗೆರೆ ಹಾಗೇ ಇರಬೇಕು. ಹತ್ತು ವರ್ಷ ಬಿಟ್ಟು ಯಾರಾದ್ರೂ ಪುಸ್ತಕ ತೆರೆದಾಗ ಕಣ್ಣಿಂದ ಓದಿದ್ದು ಯಾವುದು, ಲೆಕ್ಕ ಹಾಕಿದ್ದು ಯಾವುದು ಅಂತ ಕೇಳದೇ ಗೊತ್ತಾಗಬೇಕು.

ಬೆಳೆಗಾರರು: ಷರಾ ಕಾಲಮಿನಲ್ಲಿ ಹೆಬ್ಬಾಳೆ ಸೇತುವೆ ಮುಳುಗಿದ್ದೆಲ್ಲ ಬರೆದಿದ್ದಾರೆ ಹುಡುಗರು!

ಮೇಷ್ಟ್ರು: ಹೊರನಾಡಿನ ಕಡೆಯಿಂದ ಬರೋ ಮಕ್ಕಳ ಕೆಲಸ. ಸೇತುವೆ ಮುಳುಗಿದ್ರೆ ಅವರು ಬರೋದಿಲ್ಲ, ಹಾಜರಿ ಪುಸ್ತಕದಲ್ಲೂ ಗೊತ್ತಾಗ್ತದೆ. ಸೇತುವೆ ಮುಳುಗಿದ ದಿನ ನಮ್ಮ ಕ್ಯಾನಿನಲ್ಲಿ ಮಳೆ ಹೆಚ್ಚಿರಲೇಬೇಕು ಅಂತ ಅವರು ಅಂದ್ಕೊಂಡಿದ್ರು. ಹಾಗೇನೂ ಇಲ್ಲ. ಭದ್ರೆ ಬರೋದು ಕುದುರೆಮುಖದ ಕಡೆಯಿಂದ. ಅಲ್ಲಿ ಘಟ್ಟದ ಅಂಚಿನಲ್ಲಿ ಸುರಿದದ್ದು ಇಲ್ಲಿ ಹೊಳೆಯಾಗಿ ಬರ್ತದೆ. ಕಳಸದಲ್ಲಿ ಹನಿ ಹನಿ ಇದ್ರೂ ಸೇತುವೆ ಮುಳುಗಬಹುದು. ನಮ್ಮ ಮಾಪಕ ಹೇಳೋದು ಅದರ ಬಾಯಿಯ ಮೇಲೆ ಬಿದ್ದ ಮಳೆಯನ್ನ ಮಾತ್ರ.

ಬೆಳೆಗಾರರು: ಮಳೆ ಬಿಟ್ಟು ಬೇರೆ ಉಪಕರಣಗಳನ್ನೂ ಮಾಡಿದ್ರಲ್ಲ. ಗಾಜಿನ ಜಾಡಿಗೆ ಬಲೂನು ಕಟ್ಟಿ ಕಡ್ಡಿ ಅಂಟಿಸಿದ್ದನ್ನ ನೋಡಿದ್ದೆ. ಅದರ ಲೆಕ್ಕ ಪುಸ್ತಕದಲ್ಲಿ ಕಾಣೆ.

ಮೇಷ್ಟ್ರು: ಅದನ್ನ ಗಾಳಿಯ ಒತ್ತಡ ತಿಳಿಯೋದಕ್ಕೆ ಅಂತ ಮಾಡೋದು. ಹೊರಗೆ ಒತ್ತಡ ಹೆಚ್ಚಿದ್ರೆ ಬಲೂನಿನ ಚರ್ಮ ಒಳಗೆ ತಗ್ಗಿ ಕಡ್ಡಿಯ ತುದಿ ಮೇಲೇಳ್ತದೆ, ಕಡಿಮೆಯಾದ್ರೆ ಕೆಳಗಿಳೀತದೆ. ಮಕ್ಕಳು ಒಂದು ವಾರ ಗುರುತು ಹಾಕಿದ್ರು. ಮಧ್ಯಾಹ್ನ ಬಿಸಿಲು ಬಂದ ದಿನವೆಲ್ಲ ಕಡ್ಡಿ ಇಳಿದಿತ್ತು, ತಂಪಾದ ದಿನವೆಲ್ಲ ಏರಿತ್ತು. ಅದೇ ಗುರುತುಗಳ ಪಕ್ಕ ಥರ್ಮಾಮೀಟರಿನ ಓದನ್ನ ಬರೆಸಿದೆ, ಎರಡೂ ಒಟ್ಟೊಟ್ಟಿಗೆ ನಡೀತಿದ್ವು. ಜಾಡಿ ಹೇಳ್ತಿದ್ದದ್ದು ಒತ್ತಡವನ್ನಲ್ಲ, ಸೆಖೆಯನ್ನ.

ಬೆಳೆಗಾರರು: ಅದು ಹೇಗೆ?

ಮೇಷ್ಟ್ರು: ಜಾಡಿಯೊಳಗೆ ಮುಚ್ಚಿದ ಗಾಳಿ ಇದೆಯಲ್ಲ, ಅದು ಒಂದು ಡಿಗ್ರಿ ಬಿಸಿಯಾದ್ರೆ ಅದರ ಒತ್ತಡ ಸುಮಾರು ಮುನ್ನೂರರಲ್ಲಿ ಒಂದು ಪಾಲು ಏರ್ತದೆ. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ 920 ಹೆಕ್ಟೊಪ್ಯಾಸ್ಕಲಿನ ಆಸುಪಾಸು, ಅದರ ಮುನ್ನೂರರಲ್ಲಿ ಒಂದು ಅಂದ್ರೆ ಮೂರು. ನಮ್ಮ ಕಡೆ ಬೆಳಗ್ಗೆ ಹತ್ತರ ಹೊತ್ತಿಗೆ ಒತ್ತಡ ಏರಿ, ಸಂಜೆ ನಾಲ್ಕರ ಹೊತ್ತಿಗೆ ಇಳಿಯೋದು ದಿನಾ ಇದ್ದದ್ದೇ. ಆ ಏರಿಳಿತ ಒಟ್ಟೂ ಮೂರರ ಸುಮಾರಿಗೇ. ಒಂದು ಡಿಗ್ರಿ ಸೆಖೆ ಇಡೀ ದಿನದ ಒತ್ತಡದ ಆಟವನ್ನ ನುಂಗಿ ಹಾಕ್ತದೆ. ಜಾಡಿಯನ್ನ ತಾಪ ಬದಲಾಗದ ಜಾಗದಲ್ಲಿ ಇಡಬೇಕು, ಹಂಚಿನ ಮಾಡಿನ ಶಾಲೆಯಲ್ಲಿ ಅಂಥ ಮೂಲೆ ಎಲ್ಲಿದೆ? ಅದಕ್ಕೆ ದಿನದ ಲೆಕ್ಕದಿಂದ ತೆಗೆದು, ಪಾಠಕ್ಕೆ ಮಾತ್ರ ಇಟ್ಕೊಂಡ್ವಿ.

ಬೆಳೆಗಾರರು: ಒದ್ದೆ ಬತ್ತಿ ಕಟ್ಟಿದ ಥರ್ಮಾಮೀಟರು?

ಮೇಷ್ಟ್ರು: ಅದು ಉಳೀತು. ಹಳೇ ಕಿಟಕಿಯ ಓರೆಪಟ್ಟಿ ಬಾಗಿಲುಗಳನ್ನ ಜೋಡಿಸಿ ಬಿಳಿ ಬಣ್ಣ ಹೊಡೆದ ಪೆಟ್ಟಿಗೆ, ನಾಲ್ಕಡಿ ಎತ್ತರದ ಕಾಲಿನ ಮೇಲೆ. ಒಳಗೆ ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ ಅದರ ತುದಿ ನೀರಿನಲ್ಲಿ. ಬಟ್ಟೆಯ ನೀರು ಆರುವಾಗ ಆ ಥರ್ಮಾಮೀಟರ್ ತಣ್ಣಗಾಗ್ತದೆ. ಗಾಳಿ ಒಣಗಿದಷ್ಟೂ ಎರಡರ ಅಂತರ ಹೆಚ್ಚು. ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ಎರಡೂ ಒಂದೇ ತೋರಿಸಿದ್ವು.

ಬೆಳೆಗಾರರು: ಕೆಟ್ಟಿತ್ತೇನೋ.

ಮೇಷ್ಟ್ರು: ಮಕ್ಕಳೂ ಹಾಗೇ ಅಂದ್ರು. ಕೆಟ್ಟಿದ್ದೋ, ನಿಜವಾಗಿ ಗಾಳಿ ನೀರು ತುಂಬಿ ನಿಂತಿದ್ದೋ ಅಂತ ತಿಳಿಯೋದಕ್ಕೆ ಒಂದು ದಾರಿ ಇದೆ. ಎರಡನ್ನೂ ಬಿಸಿಯೂಟದ ಒಲೆಯ ಹತ್ತಿರದ ಒಣ ಗಾಳಿಗೆ ತಂದು ಬೀಸಣಿಗೆ ಬೀಸಿದ್ವಿ. ಐದು ನಿಮಿಷದಲ್ಲಿ ಒದ್ದೆ ಬತ್ತಿಯದ್ದು ಹಿಂದೆ ಬಿತ್ತು. ಹಾಗಾದ್ರೆ ಉಪಕರಣ ಸರಿ, ಗಾಳಿಯೇ ಹಾಗಿತ್ತು. ಬೇಸಿಗೆ ಹತ್ತಿರ ಬಂದಾಗ ಒಣದ್ದು 27, ಒದ್ದೆಯದ್ದು 21 ತೋರಿಸಿದ್ರೆ ತೇವಾಂಶ ಶೇಕಡ ಅರವತ್ತರ ಆಸುಪಾಸಿಗೆ ಇಳಿದಿರ್ತದೆ. ಆದ್ರೆ ಬಟ್ಟೆಗೆ ಗಡಸು ನೀರಿನ ಉಪ್ಪು, ಧೂಳು ಕೂತರೆ ಅದು ನೀರು ಹೀರೋದನ್ನ ನಿಲ್ಲಿಸಿ, ಒಣ ದಿನದಲ್ಲೂ ತೇವ ಅಂತ ಸುಳ್ಳು ಹೇಳ್ತದೆ. ಹದಿನೈದು ದಿನಕ್ಕೊಮ್ಮೆ ಬಟ್ಟೆ ಬದಲಿಸಿ ಮಳೆನೀರನ್ನೇ ಹಾಕ್ತೀವಿ. ನಮ್ಮಲ್ಲಿ ಅದಕ್ಕೆ ಬರ ಇಲ್ಲ.

ಬೆಳೆಗಾರರು: ಎಲ್ಲ ಸರಿ ಮೇಷ್ಟ್ರೇ. ಒಂದು ಅವಧಿಯ ಲೆಕ್ಕದಿಂದ ಏನು ಸಾಧಿಸಿದ ಹಾಗಾಯ್ತು? ನನ್ನ ಪುಸ್ತಕ ನೋಡಿದ್ರೆ ಸ್ಪಷ್ಟ ಉಂಟು, ಅಪ್ಪನ ಕಾಲಕ್ಕಿಂತ ಮಳೆ ಕಡಿಮೆಯಾಗ್ತಾ ಬಂದಿದೆ. ಅಂಥದ್ದು ನಿಮ್ಮ ಮಕ್ಕಳ ಪುಸ್ತಕದಿಂದ ಹೇಳೋದಕ್ಕೆ ಬರ್ತದಾ?

ಮೇಷ್ಟ್ರು: ಬರೋದಿಲ್ಲ. ಹವಾಗುಣ ಬದಲಾಯ್ತು ಅನ್ನೋದಕ್ಕೆ ಸಾಮಾನ್ಯವಾಗಿ ಮೂವತ್ತು ವರ್ಷದ ಸರಾಸರಿ ಹಿಡೀತಾರೆ. ನಮ್ಮದು ನಾಲ್ಕು ತಿಂಗಳು. ಆದ್ರೆ ನಿಮ್ಮ ಪುಸ್ತಕದ ಬಗ್ಗೆ ಒಂದು ಮಾತು ಕೇಳಲಾ? ಗೇಜ್ ಎಲ್ಲಿದೆ?

ಬೆಳೆಗಾರರು: ಕಾಫಿ ಕಣದ ಅಂಚಿನಲ್ಲಿ. ಅಪ್ಪ ನೆಟ್ಟ ಜಾಗದಲ್ಲೇ ಇದೆ, ಒಂದಿಂಚೂ ಕದಲಿಸಿಲ್ಲ.

ಮೇಷ್ಟ್ರು: ಕಣದ ಸುತ್ತ ಸಿಲ್ವರ್ ಓಕ್ ಇದ್ದಾವಲ್ಲ?

ಬೆಳೆಗಾರರು: ಅಪ್ಪನೇ ಹಾಕಿಸಿದ್ದು. ಗೇಜ್ ನೆಟ್ಟಾಗ ಸೊಂಟದೆತ್ತರದ ಸಸಿಗಳು. ಈಗ ಅರವತ್ತಡಿ ಆಗಿರಬಹುದು.

ಮೇಷ್ಟ್ರು: ಮಳೆಮಾಪಕ ಮರದಿಂದ ಮರದ ಎತ್ತರದ ಕನಿಷ್ಠ ಎರಡರಷ್ಟು ದೂರ ಇರಬೇಕು. ಅರವತ್ತಡಿ ಮರ ಅಂದ್ರೆ ನೂರಿಪ್ಪತ್ತಡಿ. ನಿಮ್ಮದು?

ಬೆಳೆಗಾರರು: ಮೂವತ್ತೋ ನಲವತ್ತೋ ಅಡಿ. ಮರ ಗೇಜಿನ ಮೇಲೆ ಬಾಗಿಲ್ಲವಲ್ಲ?

ಮೇಷ್ಟ್ರು: ಬಾಗಬೇಕಾಗಿಲ್ಲ. ನಮ್ಮ ಮುಂಗಾರು ನೆಟ್ಟಗೆ ಬೀಳೋದು ಅಪರೂಪ, ಗಾಳಿಗೆ ಓರೆಯಾಗಿ ಬರ್ತದೆ. ಗಾಳಿ ಬರೋ ಪಡುವಣದ ಕಡೆ ಎತ್ತರದ ಮರ ಇದ್ರೆ ಓರೆ ಮಳೆಗೆ ಅದು ಮರೆ. ಮಕ್ಕಳು ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಕಟ್ಟಿ ಒಂದು ಸಾಧನ ಮಾಡಿದ್ದಾರೆ. ಗೇಜಿನ ಬಾಯಿಯ ಎತ್ತರದಲ್ಲಿ ಕಣ್ಣಿಟ್ಟು ಮರದ ತುದಿ ನೋಡಿದ್ರೆ ಕೋನ 27 ಡಿಗ್ರಿಗಿಂತ ಕಡಿಮೆ ಇರಬೇಕು. ಎರಡರಷ್ಟು ದೂರ ಅಂದ್ರೆ ಅದೇ. ನಮ್ಮ ಆಟದ ಮೈದಾನದಲ್ಲಿ ಆ ಕೋನ ಸಿಗೋ ಜಾಗ ಹುಡುಕೋದೇ ಮೊದಲ ವಾರದ ಕೆಲಸ ಆಗಿತ್ತು. ನಿಮ್ಮ ಕಣದಲ್ಲಿ ಅದು ಐವತ್ತು ದಾಟಬಹುದು.

ಬೆಳೆಗಾರರು: ಅಂದ್ರೆ ಮಳೆ ಕಡಿಮೆಯಾಗಿಲ್ಲ, ಮರ ಬೆಳೆದಿದೆ ಅಂತೀರಾ?

ಮೇಷ್ಟ್ರು: ಹಾಗಂತ ಹೇಳೋದಕ್ಕೂ ನನ್ನ ಹತ್ತಿರ ಆಧಾರ ಇಲ್ಲ. ಮಳೆಯೂ ಕಡಿಮೆಯಾಗಿರಬಹುದು, ಮರವೂ ಒಂದಿಷ್ಟು ತಡೆದಿರಬಹುದು. ಮರ ವರ್ಷಕ್ಕೆ ಒಂದೆರಡು ಅಡಿ ಬೆಳೆದ ಹಾಗೆ ಮಳೆಯೂ ಚೂರುಚೂರೇ ಇಳಿದ ಹಾಗೆ ಕಾಣ್ತದೆ. ಅದಕ್ಕೇ ಬರೀ ಅಂಕಿ ನೋಡಿ ಎರಡನ್ನ ಬಿಡಿಸೋದಕ್ಕೆ ಆಗೋದಿಲ್ಲ.

ಬೆಳೆಗಾರರು: ಹಾಗಾದ್ರೆ ಗೇಜನ್ನ ಬಯಲಿಗೆ ಎತ್ತಿಡಲಾ?

ಮೇಷ್ಟ್ರು: ದಯವಿಟ್ಟು ಬೇಡ. ಎತ್ತಿಟ್ಟ ದಿನವೇ ಹಳೇ ಲೆಕ್ಕದ ದಾರ ತುಂಡಾಯ್ತು. ಅದು ಅಲ್ಲೇ ಇರಲಿ. ಎರಡನೇ ಅವಧಿಗೆ ಮಕ್ಕಳಿಗೆ ಇದನ್ನೇ ಕೆಲಸ ಕೊಡ್ತೀನಿ. ನಮ್ಮದೇ ಥರದ ಒಂದು ಬಾಟಲಿ ಮಾಪಕವನ್ನ ಮೊದಲು ನಿಮ್ಮ ಸೈಮನ್ಸ್ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನೆಡೋದು. ಹಿಂಗಾರು ಮುಗಿಯೋವರೆಗೆ ಎರಡನ್ನೂ ಒಂದೇ ಹೊತ್ತಿಗೆ ಓದಿ. ಬಾಟಲಿ ಯಾವಾಗಲೂ ಶೇಕಡ ಮೂರೋ ನಾಲ್ಕೋ ಕಡಿಮೆ ಹಿಡೀತದೆ ಅಂತ ಕಂಡ್ರೆ ಅದು ಉಪಕರಣದ ಗುಣ, ಮರದ್ದಲ್ಲ. ಅದನ್ನ ಗುರುತು ಹಾಕ್ಕೊಂಡ ಮೇಲೆ ಬಾಟಲಿಯನ್ನ ನಿಮ್ಮ ಗದ್ದೆ ಬಯಲಿಗೆ ಒಯ್ಯೋದು. ಆಮೇಲೆ ಕಾಣೋ ವ್ಯತ್ಯಾಸದಲ್ಲಿ ಆ ಮೂರು ನಾಲ್ಕನ್ನ ಸರಿದೂಗಿಸಿದ್ರೆ ಉಳಿದದ್ದು ಜಾಗದ್ದು.

ಬೆಳೆಗಾರರು: ಮಾರ್ಚ್, ಏಪ್ರಿಲ್ಲಿನ ಹೂಮಳೆ ಹೊತ್ತಿಗೆ ಗೊತ್ತಾಗ್ತದಾ? ನನಗೆ ಬೇಕಾದದ್ದು ಅದೇ. ಗೇಜಿನಲ್ಲಿ ಎಂಬತ್ತು ಸೆಂಟ್ಸ್ ಕಂಡ್ರೆ ಸಾಲದು ಅಂತ ಸ್ಪ್ರಿಂಕ್ಲರ್ ಹಾಕಿಸ್ತೀನಿ, ಒಂದಿಂಚು ಕಂಡ್ರೆ ಸುಮ್ಮನಿರ್ತೀನಿ.

ಮೇಷ್ಟ್ರು: ಹೂಮಳೆ ಗುಡುಗು ಗಾಳಿಯ ಜೊತೆ ಬರೋದು, ಮರದ ಮರೆ ಜಾಸ್ತಿ ಕಾಣೋದೇ ಆಗ. ಬಯಲಿನಲ್ಲಿ ಒಂದಿಂಚು ಬಿದ್ದಾಗ ಕಣದಲ್ಲಿ ಎಂಬತ್ತೇ ಸೆಂಟ್ಸ್ ಬರ್ತಿದ್ರೆ, ಬೇಡದ ನೀರಿಗೆ ಡೀಸೆಲ್ ಸುಡ್ತಿದ್ದೀರಿ ಅಂತಾಯ್ತು. ಆದ್ರೆ ಹೂಮಳೆ ಬರೋದು ಬೆರಳೆಣಿಕೆಯಷ್ಟು ಸಲ, ಅಷ್ಟರ ಮೇಲೆ ಹಳೇ ಪುಸ್ತಕ ತಿದ್ದೋದಕ್ಕೆ ಆಗೋದಿಲ್ಲ. ಮುಂದಿನ ಮುಂಗಾರೂ ಸೇರಿ ಒಂದು ವರ್ಷ ಎರಡನ್ನೂ ಓದಬೇಕು. ಓರೆ ಮಳೆಯ ದಿನ ಅಂತರ ಹೆಚ್ಚಿ, ಗಾಳಿ ಇಲ್ಲದ ದಿನ ಅಂತರ ಇಲ್ಲದಿದ್ರೆ ಮರದ್ದೇ ಕೆಲಸ ಅಂತ ನಂಬಬಹುದು.

ಬೆಳೆಗಾರರು: ಗಾಳಿ ಇತ್ತೋ ಇಲ್ಲವೋ ಅಂತ ಬರೆಯೋದಕ್ಕೆ ನನ್ನ ಪುಸ್ತಕದಲ್ಲಿ ಜಾಗವೇ ಇಲ್ಲ. ತಾರೀಖು, ಇಂಚು, ಸೆಂಟ್ಸ್, ಮೂರೇ ಕಾಲಮ್ಮು.

ಮೇಷ್ಟ್ರು: ಇನ್ನೆರಡು ಗೆರೆ ಎಳೀಬೇಕು. ಒಂದು ಓದಿದ ಹೊತ್ತಿಗೆ, ಒಂದು ಷರಾಕ್ಕೆ. ಮೊದಲ ಪುಟದಲ್ಲಿ ‘ಬೆಳಗ್ಗೆ ಆರೂವರೆಗೆ ಓದಿ ಹಿಂದಿನ ದಿನಕ್ಕೆ ಬರೆದದ್ದು’ ಅಂತ ಒಂದು ಸಾಲು ಬರೆದ್ಬಿಡಿ. ಅಪ್ಪನ ಕಾಲದಲ್ಲೂ ಅದೇ ಕ್ರಮ ಇತ್ತು ಅಂದ್ರಲ್ಲ, ಅದನ್ನ ಬಲ್ಲವರು ಈಗ ನೀವೊಬ್ಬರೇ. ಜೊತೆಗೆ ಗೇಜಿನಿಂದ ಪ್ರತಿ ಮರಕ್ಕೆ ಎಷ್ಟು ದೂರ, ಎಷ್ಟು ಡಿಗ್ರಿ ಅಂತ ಒಂದು ನಕ್ಷೆ. ಅದನ್ನ ಮಕ್ಕಳು ಬಂದು ಮಾಡಿಕೊಡ್ತಾರೆ.

ಬೆಳೆಗಾರರು: ಶನಿವಾರ ಮಧ್ಯಾಹ್ನ ಕಳಿಸಿ, ಕೂಲಿಯವರು ಹೋದ ಮೇಲೆ ಕಣ ಖಾಲಿ ಇರ್ತದೆ. ಬಾಟಲಿಯ ಬಾಯಿಯನ್ನ ಮಾತ್ರ ನನ್ನ ಎದುರಿಗೇ ಅಳೀಬೇಕು, ಉದ್ದಕ್ಕೂ ಅಡ್ಡಕ್ಕೂ.